ಬೋರ್ಡಿನ ಹತ್ತಿರ ಬರಲಾರದ ಹುಡುಗ

ನಮ್ಮ ಕಬ್ಬೂರ ಕಡೆಯ ಒಂದು ಹೈಸ್ಕೂಲು, ಎಂಟನೆಯ ತರಗತಿ, ಮಧ್ಯಾಹ್ನದ ಊಟ ಮುಗಿದ ಮೇಲಿನ ಗಣಿತದ ಪಿರಿಯಡ್. ಮಾಸ್ತರು ಬೋರ್ಡಿನ ಮೇಲೆ ಬಡ್ಡಿಯ ಲೆಕ್ಕವೊಂದನ್ನು ಬರೆದು ಮೂರನೇ ಬೆಂಚಿನ ಹುಡುಗನ ಕಡೆ ಬೆರಳು ಮಾಡಿದರು. ಹುಡುಗನಿಗೆ ಲೆಕ್ಕ ಬರುತ್ತಿತ್ತು, ಆದರೂ ಅವನು ಏಳಲಿಲ್ಲ. "ಯಾಕಲೇ, ಏಳಾಕ ಏನಾಗೇತಿ?" ಎಂದರು ಮಾಸ್ತರು. "ಕಾಲು ಜೋಮು ಹಿಡದಾವ್ರೀ ಸರ್" ಎಂದ ಹುಡುಗ. ಇಡೀ ತರಗತಿ ನಕ್ಕಿತು. ಮಾಸ್ತರು ಬೆಂಚಿನ ಹತ್ತಿರವೇ ಬಂದು ಬೆನ್ನಿಗೆ ಎರಡು ಬಾರಿಸಿದರು. ಹುಡುಗ ಹೊಡೆತ ತಿಂದನೇ ಹೊರತು ತೊಡೆಯ ಮೇಲಿಟ್ಟುಕೊಂಡಿದ್ದ ಪಾಟಿಚೀಲವನ್ನು ತೆಗೆಯಲಿಲ್ಲ.

ಆ ಹುಡುಗ ನಾನು. ಇದಾಗಿ ಮೂವತ್ತು ವರ್ಷ ದಾಟಿದೆ. ಅವತ್ತು ನನ್ನ ಕಾಲಿಗೆ ಏನೂ ಆಗಿರಲಿಲ್ಲ. ಯಾವ ಕಾರಣವೂ ಇಲ್ಲದೆ, ಯಾವ ಯೋಚನೆಯೂ ಇಲ್ಲದೆ, ಬಡ್ಡಿ ಲೆಕ್ಕದ ನಡುವೆ ನನ್ನ ಶಿಶ್ನ ನಿಮಿರಿತ್ತು. ಖಾಕಿ ಚಡ್ಡಿಯಲ್ಲಿ ಎದ್ದು ನಿಂತರೆ ನಲವತ್ತು ಜನಕ್ಕೆ ಕಾಣುತ್ತದೆಂಬ ಭಯಕ್ಕಿಂತ ಬೆನ್ನ ಮೇಲಿನ ಏಟು ಹಗುರಾಗಿತ್ತು. ನಾಲ್ಕೈದು ನಿಮಿಷದಲ್ಲಿ ಅದು ತಾನಾಗಿಯೇ ಇಳಿಯಿತು. ಇಳಿಯದೆ ಉಳಿದದ್ದು, ನನ್ನೊಳಗೆ ಏನೋ ಹೊಲಸು ಇದೆ, ನಾನು ಕೆಟ್ಟ ಹುಡುಗ ಎಂಬ ನಂಬಿಕೆ. ಅದು ಇಳಿಯಲು ಹತ್ತು ವರ್ಷ ಬೇಕಾಯಿತು.

ಇದನ್ನು ನನ್ನ ವಯಸ್ಸಿನ ಗೆಳೆಯರ ಮುಂದೆ ಹೇಳಿದಾಗಲೆಲ್ಲ ಮೊದಲು ನಗು, ಆಮೇಲೆ ಒಂದು ಮೌನ, ಆ ಮೇಲೆ "ನಂದೂ ಹಿಂಗ ಆಗಿತ್ತ ನೋಡು" ಎಂಬ ಮಾತು ಬರುತ್ತದೆ. ಹೆಚ್ಚುಕಡಿಮೆ ಎಲ್ಲ ಗಂಡುಹುಡುಗರಿಗೂ ಆಗುವ ಒಂದು ಸಂಗತಿಯನ್ನು ಪ್ರತಿಯೊಬ್ಬನೂ ತನಗೊಬ್ಬನಿಗೇ ಆಗಿದೆಯೆಂದು ನಂಬುವಂತೆ ಮಾಡುವುದು ಸಣ್ಣ ಸಾಧನೆಯಲ್ಲ. ನಮ್ಮ ಶಾಲೆ, ಮನೆ, ಸರ್ಕಾರಗಳು ಸೇರಿ ಅದನ್ನು ಮಾಡಿ ತೋರಿಸಿವೆ. ನನ್ನ ತಕರಾರು ಅವುಗಳ ಮೇಲೆ.

ಮೊದಲು, ಅವತ್ತು ನನ್ನ ಮೈಯಲ್ಲಿ ನಡೆದದ್ದೇನು? ಶಿಶ್ನದ ಉದ್ದಕ್ಕೂ ಒಳಗೆ ಸ್ಪಂಜಿನಂಥ ಎರಡು ಕೊಳವೆಗಳಿವೆ. ಸಾಮಾನ್ಯ ಹೊತ್ತಿನಲ್ಲಿ ಅವುಗಳಿಗೆ ರಕ್ತ ತರುವ ನಾಳಗಳ ಗೋಡೆಯ ಸ್ನಾಯು ಬಿಗಿದುಕೊಂಡಿರುತ್ತದೆ. ತೂಬು ಮುಚ್ಚಿದ ಕಾಲುವೆಯ ಹಾಗೆ ಸ್ವಲ್ಪವೇ ರಕ್ತ ಒಳಗೆ ಹೋಗಿಬರುತ್ತದೆ. ಬೆನ್ನುಹುರಿಯ ಕೆಳತುದಿಯಿಂದ ಹೊರಡುವ ನರಗಳು ಸೂಚನೆ ಕೊಟ್ಟಾಗ ನೈಟ್ರಿಕ್ ಆಕ್ಸೈಡ್ ಎಂಬ ವಸ್ತು ಬಿಡುಗಡೆಯಾಗಿ ಆ ಸ್ನಾಯು ಸಡಿಲವಾಗುತ್ತದೆ. ತೂಬು ತೆರೆದಂತೆ ರಕ್ತ ನುಗ್ಗುತ್ತದೆ. ಸ್ಪಂಜು ಉಬ್ಬಿ, ರಕ್ತ ಹೊರಗೆ ಒಯ್ಯುವ ಸಣ್ಣ ನಾಳಗಳನ್ನು ಸುತ್ತಲಿನ ಗಟ್ಟಿ ಪೊರೆಗೆ ಒತ್ತಿಹಿಡಿಯುತ್ತದೆ. ಒಳಗೆ ಬಂದ ರಕ್ತ ಕೆಲಹೊತ್ತು ಅಲ್ಲೇ ನಿಲ್ಲುತ್ತದೆ. ಬೇರೆ ನರಗಳು ಮತ್ತೆ ಬಿಗಿಯುವ ಸೂಚನೆ ಕೊಟ್ಟಾಗ ರಕ್ತ ಹರಿದುಹೋಗಿ ಎಲ್ಲ ಮೊದಲಿನಂತಾಗುತ್ತದೆ. ನಡೆದದ್ದು ಇಷ್ಟೇ.

ಇಲ್ಲಿ ಗಮನಿಸಬೇಕಾದದ್ದು ಒಂದು: ಈ ಸೂಚನೆ ಮಿದುಳಿನಿಂದಲೇ ಬರಬೇಕೆಂದಿಲ್ಲ. ಬಿಸಿ ತಟ್ಟಿದ ಕೈ ತಾನಾಗಿ ಹಿಂದೆ ಸರಿಯುವಂತೆ, ಬೆನ್ನುಹುರಿಯ ಮಟ್ಟದಲ್ಲೇ ಈ ಕೆಲಸ ಮುಗಿಯಬಹುದು. ಅಪಘಾತದಲ್ಲಿ ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾಗಿ, ಮಿದುಳಿನ ಸಂಪರ್ಕವೇ ಕಡಿದುಹೋದವರಲ್ಲೂ ಹಲವರಿಗೆ ಬಟ್ಟೆ ತಾಗಿದರೆ ಸಾಕು, ನಿಮಿರುತ್ತದೆ. ತೊಟ್ಟಿಲ ಕೂಸಿಗೂ ಹೀಗಾಗುವುದನ್ನು ಮೈ ತೊಳೆಸುವ ಯಾವ ಅಜ್ಜಿಯೂ ಬಲ್ಲಳು. ಅವಳು ಅದನ್ನು ನೋಡಿ ಕೂಸಿಗೆ ಉಚ್ಚೆ ಬಂದಿದೆ ಅನ್ನುತ್ತಾಳೆಯೇ ಹೊರತು ಕೂಸು ಕೆಟ್ಟುಹೋಗಿದೆ ಅನ್ನುವುದಿಲ್ಲ. ಹನ್ನೆರಡು ವರ್ಷದ ಹಿಂದೆ ಯಾರಿಗೂ ತಪ್ಪಾಗಿ ಕಾಣದ್ದು ಹನ್ನೆರಡು ವರ್ಷದ ಮೇಲೆ ಪಾಪವಾಗುವುದು ಹೇಗೆ?

ಹದಿಹರೆಯದಲ್ಲಿ ಇದು ಹೆಚ್ಚಾಗಲು ಕಾರಣ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು. ಹುಡುಗರಲ್ಲಿ ಈ ಬದಲಾವಣೆ ಸಾಮಾನ್ಯವಾಗಿ 9ರಿಂದ 14 ವರ್ಷದ ನಡುವೆ ಯಾವಾಗಲಾದರೂ ಶುರುವಾಗುತ್ತದೆ. ಮೊದಲ ಗುರುತು ಮೀಸೆಯೂ ಅಲ್ಲ, ಒಡೆದ ದನಿಯೂ ಅಲ್ಲ, ವೃಷಣಗಳು ದೊಡ್ಡದಾಗುವುದು. ಅಲ್ಲಿಂದ ಮುಂದೆ ಹಾರ್ಮೋನು ಹಲವು ಪಟ್ಟು ಏರುತ್ತದೆ. ಆರಂಭದಲ್ಲಿ ರಾತ್ರಿ ನಿದ್ದೆಯಲ್ಲೇ ಹೆಚ್ಚು ಏರುತ್ತದೆ. ಇಷ್ಟು ದಿನ ಸುಮ್ಮನಿದ್ದ ನರಗಳ ಜಾಲ ಆಗ ಸಣ್ಣ ಸಣ್ಣದಕ್ಕೂ ಎಚ್ಚರಗೊಳ್ಳುತ್ತದೆ. ಚಿಕ್ಕೋಡಿ ಬಸ್ಸಿನ ಹಿಂದಿನ ಸೀಟಿನ ಅದುರು, ತುಂಬಿದ ಮೂತ್ರಕೋಶ, ಬಿಗಿ ಪ್ಯಾಂಟಿನ ಉಜ್ಜು, ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿನ ಪುಕುಪುಕು, ಯಾವುದಾದರೂ ಸಾಕು. ಎಷ್ಟೋ ಸಲ ಯಾವುದೂ ಬೇಕಿಲ್ಲ. ಮನಸ್ಸಿನಲ್ಲಿ ಏನೋ ಬಂದಾಗಲೂ ಆಗುತ್ತದೆ, ಏನೂ ಇಲ್ಲದಾಗಲೂ ಆಗುತ್ತದೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಸಮಸ್ಯೆ ಇರುವುದು ಅಲ್ಲಿ.

ರಾತ್ರಿಯಂತೂ ಇದು ಇನ್ನೂ ನಿಯಮಿತ. ಕಣ್ಣುಗುಡ್ಡೆ ವೇಗವಾಗಿ ಹೊರಳುವ, ಕನಸು ಬೀಳುವ ನಿದ್ದೆಯ ಹಂತದಲ್ಲಿ ಆರೋಗ್ಯವಂತ ಗಂಡಸಿಗೆ ರಾತ್ರಿಗೆ ಮೂರರಿಂದ ಐದು ಸಲ ನಿಮಿರುತ್ತದೆ. ಕನಸು ಯಾವುದರ ಬಗ್ಗೆ ಇದೆ ಎಂಬುದಕ್ಕೂ ಇದಕ್ಕೂ ಸಂಬಂಧ ಇರಬೇಕೆಂದಿಲ್ಲ. ಬೆಳಗ್ಗೆ ಎದ್ದಾಗ ಕಾಣುವುದು ಆ ಸರಣಿಯ ಕೊನೆಯದು. ನಿದ್ದೆಯಲ್ಲಿ ವೀರ್ಯ ಹೊರಬಂದು ಚಡ್ಡಿ ಒದ್ದೆಯಾಗುವುದೂ ಇದೇ ವಯಸ್ಸಿನಲ್ಲಿ ಶುರುವಾಗುತ್ತದೆ. ಕೆಲವರಿಗೆ ವಾರಕ್ಕೊಮ್ಮೆ, ಕೆಲವರಿಗೆ ವರ್ಷಕ್ಕೊಮ್ಮೆ, ಕೆಲವರಿಗೆ ಇಲ್ಲವೇ ಇಲ್ಲ, ಎಲ್ಲವೂ ಸಹಜ. ಹಗಲಿನ ಅನಿರೀಕ್ಷಿತ ನಿಮಿರುವಿಕೆ ದಿನಕ್ಕೆ ನಾಲ್ಕಾರು ಸಲ ಆದರೂ ಸಹಜ, ವಾರವಿಡೀ ಆಗದಿದ್ದರೂ ಸಹಜ. ಹದಿಹರೆಯದ ಕೊನೆಗೆ ಬರುವಷ್ಟರಲ್ಲಿ ಹೆಚ್ಚಿನವರಲ್ಲಿ ಇದು ತಾನಾಗಿ ಕಡಿಮೆಯಾಗುತ್ತದೆ.

ಇದೆಲ್ಲ ಹೇಳಲು ನನಗೆ ನಾಲ್ಕು ಪ್ಯಾರಾ ಸಾಕಾದವು. ಹಾಗಿದ್ದರೆ ಶಾಲೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ?

2005ರ ಸುಮಾರಿಗೆ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮವೊಂದನ್ನು ಶಾಲೆಗಳಿಗೆ ತಂದಿತು. 2007ರಲ್ಲಿ ಅದರ ವಿರುದ್ಧ ಗದ್ದಲವೆದ್ದಿತು. ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. ಅವುಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ನಾವು ಗಡಿಯವರು. ಯಾವ ಊರು ಯಾರಿಗೆ ಸೇರಬೇಕೆಂದು ಈ ಎರಡು ಸರ್ಕಾರಗಳು ಜಗಳಾಡುವುದನ್ನು ನೋಡುತ್ತಲೇ ದೊಡ್ಡವರಾದವರು. ನಿಪ್ಪಾಣಿಯ ಬೋರ್ಡು ಯಾವ ಭಾಷೆಯಲ್ಲಿರಬೇಕೆಂಬುದಕ್ಕೆ ಒಪ್ಪದವರು ಇದೊಂದಕ್ಕೆ ಒಪ್ಪಿದರು: ಕನ್ನಡ ಸಾಲಿಯ ಹುಡುಗನಿಗೂ ಮರಾಠಿ ಸಾಲಿಯ ಹುಡುಗನಿಗೂ ಅವರವರ ಮೈ ಬಗ್ಗೆ ಹೇಳಬಾರದು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣವೇ ಬೇಡ ಎಂದು ಶಿಫಾರಸು ಮಾಡಿತು. ನಮ್ಮ ಸಂಸ್ಕೃತಿಗೆ ಇದು ಒಗ್ಗದು ಎಂಬ ಮಾತು ಆಗ ಎಲ್ಲ ಕಡೆ ಕೇಳಿಸಿತು.

ಆಮೇಲೆ ಪಠ್ಯಪುಸ್ತಕ ಸ್ವಲ್ಪ ಸುಧಾರಿಸಿತು, ಇಲ್ಲವೆನ್ನುವುದಿಲ್ಲ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಬಗ್ಗೆ ಒಂದು ಅಧ್ಯಾಯವೇ ಇದೆ. ಎತ್ತರ, ಗಂಟಲ ಗಡ್ಡೆ, ಒಡೆಯುವ ದನಿ, ಬೆವರು, ಮೊಡವೆ, ಹಾರ್ಮೋನುಗಳ ಹೆಸರು, ಎಲ್ಲ ಇವೆ. ಹತ್ತನೆಯದರಲ್ಲಿ ವೃಷಣದಿಂದ ಮೂತ್ರನಾಳದವರೆಗೆ ಚಿತ್ರ ಬಿಡಿಸಿ ಭಾಗ ಗುರುತಿಸುವ ಪ್ರಶ್ನೆಯೂ ಬರುತ್ತದೆ. ಆದರೆ ಹುಡುಗನಿಗೆ ಅದೇ ತರಗತಿಯಲ್ಲಿ, ಅದೇ ಬೆಂಚಿನ ಮೇಲೆ, ಅದೇ ಹೊತ್ತಿನಲ್ಲಿ ಆಗುತ್ತಿರುವ ಸಂಗತಿಗೆ ಒಂದು ಸಾಲೂ ಇಲ್ಲ. ಪುಸ್ತಕದ ಅಂಗ ಚಿತ್ರದಂತೆ ಸುಮ್ಮನೆ ಮಲಗಿರುತ್ತದೆ. ಅದಕ್ಕೆ ರಕ್ತವಿಲ್ಲ, ನರವಿಲ್ಲ, ಸಮಯಪ್ರಜ್ಞೆಯ ಕೊರತೆಯೂ ಇಲ್ಲ. ಆ ಅಧ್ಯಾಯವನ್ನೂ "ಇದನ್ನ ಮನ್ಯಾಗ ಓದ್ಕೋರಿ" ಎಂದು ಮುಚ್ಚುವ ಮಾಸ್ತರುಗಳಿಗೆ ಕಡಿಮೆಯಿಲ್ಲ.

ಭಾಷೆಯೂ ಹುಡುಗನ ಕೈ ಹಿಡಿಯಲಿಲ್ಲ. ಹುಡುಗಿ ದೊಡ್ಡಾಕಿ ಆದರೆ ಅದನ್ನು ಹೇಳಲು ನಮ್ಮಲ್ಲಿ ಮಾತಿದೆ, ಆರತಿ ಇದೆ, ಉಡಿ ತುಂಬುವುದಿದೆ. ಆ ಸಂಭ್ರಮದೊಳಗೆ ಅವಳಿಗೆ ಕಟ್ಟುವ ಬೇಲಿಯೂ ಇದೆ, ಅದನ್ನು ಮರೆತು ಹೊಗಳುತ್ತಿಲ್ಲ. ಆದರೂ ತನಗೇನಾಯಿತೆಂದು ಅವಳಿಗೆ ಹೇಳುವ ಒಬ್ಬ ಅಕ್ಕನೋ ಅತ್ತಿಯೋ ಇರುತ್ತಾರೆ. ಅನುಪಮಾ ನಿರಂಜನರಂಥ ವೈದ್ಯೆ ಹೆಂಗಸರ ದೇಹದ ಬಗ್ಗೆ ಕನ್ನಡದಲ್ಲಿ ಮರ್ಯಾದೆಯ ಪುಸ್ತಕಗಳನ್ನೇ ಬರೆದರು. ಹುಡುಗ ದೊಡ್ಡವನಾದದ್ದಕ್ಕೆ ನಮ್ಮಲ್ಲಿ ಮಾತು ಯಾವುದು? ಬೈಗುಳವಿದೆ, ಜಾತ್ರೆಯ ಪೋಲಿ ಹಾಡಿದೆ, ದೊಡ್ಡ ಹುಡುಗರ ಗೇಲಿ ಇದೆ. ಮರ್ಯಾದೆಯಿಂದ ಹೇಳಬಹುದಾದ ಒಂದು ಮನೆಮಾತು ಇಲ್ಲ. ಹೆಸರಿಲ್ಲದ್ದನ್ನು ಮಗ ಅಪ್ಪನ ಹತ್ತಿರ ಕೇಳುವುದು ಹೇಗೆ?

ಶಾಲೆ ಬಿಟ್ಟ ಜಾಗ ಖಾಲಿ ಉಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ಮೂತ್ರಿಯ ಗೋಡೆ ಅದನ್ನು ತುಂಬಿತು. ಗುಪ್ತರೋಗ, ಸ್ವಪ್ನದೋಷ, ಧಾತು ನಷ್ಟ, ಬಾಲ್ಯದ ತಪ್ಪುಗಳು ಎಂದು ಅಂಟಿಸಿದ ಚೀಟಿಗಳನ್ನು ನಾವೆಲ್ಲ ಅಲ್ಲೇ ಓದಿದೆವು. ಚೀಟಿ ಮಾಡುವ ಕೆಲಸ ಬಹಳ ಜಾಣತನದ್ದು: ಎಲ್ಲ ಹುಡುಗರಿಗೂ ಆಗುವುದನ್ನೇ ತೆಗೆದುಕೊಂಡು ಅದಕ್ಕೆ ರೋಗದ ಹೆಸರಿಡುವುದು. ಹಾಗೆ ಮಾಡಿದರೆ ಗಿರಾಕಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ವೀರ್ಯ ಹೋದರೆ ಶಕ್ತಿ ಹೋಯಿತು ಎಂಬ ಭಯದಿಂದಲೇ ನಿಶ್ಶಕ್ತಿ, ನಿದ್ರೆಗೇಡು, ಮೈಕೈ ನೋವಿನಿಂದ ಒದ್ದಾಡುವ ಯುವಕರನ್ನು ಕಂಡು ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಆ ಸ್ಥಿತಿಗೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಅಲ್ಲಿ ರೋಗ ತರುವುದು ವೀರ್ಯವಲ್ಲ, ಭಯ. ಇಂಥ ಜಾಹೀರಾತುಗಳನ್ನು ತಡೆಯಲು 1954ರಿಂದಲೂ ಕೇಂದ್ರದ ಕಾಯ್ದೆಯಿದೆ. ಪಾಠವನ್ನು ನಿಲ್ಲಿಸಲು ಸರ್ಕಾರಕ್ಕೆ ಒಂದು ಆದೇಶ ಸಾಕಾಯಿತು. ಗೋಡೆಯ ಚೀಟಿಯನ್ನು ಕೀಳಲು ಎಪ್ಪತ್ತು ವರ್ಷದ ಕಾಯ್ದೆಯೂ ಸಾಕಾಗಿಲ್ಲ. ಸಂಸ್ಕೃತಿಯ ಕಾವಲುಗಾರರು ಆ ಗೋಡೆಯ ಮುಂದೆ ನಿಂತು ಉಚ್ಚೆ ಹೊಯ್ದೇ ಹೋಗುತ್ತಾರೆ, ಓದುವುದಿಲ್ಲವೇ?

ಇಷ್ಟೇ ಆಗಿದ್ದರೆ, ನಾಚಿಕೆಯಿಂದ ಯಾರೂ ಸಾಯುವುದಿಲ್ಲ ಬಿಡಿ ಎನ್ನಬಹುದಿತ್ತು. ಆದರೆ ನಾಚಿಕೆ ಅಂಗವನ್ನೇ ಕಳೆದ ಉದಾಹರಣೆ ಕೇಳಿ ವೈದ್ಯರನ್ನು, ಕಥೆ ಹೇಳುತ್ತಾರೆ. ವೃಷಣ ತನ್ನನ್ನು ತೂಗುಹಾಕಿರುವ ಬಳ್ಳಿಯ ಮೇಲೆ ತಿರುಚಿಕೊಳ್ಳುವುದುಂಟು. ಇದು ಹೆಚ್ಚಾಗಿ ಆಗುವುದು ಇದೇ ಹದಿಹರೆಯದಲ್ಲಿ, ಕೆಲವೊಮ್ಮೆ ನಿದ್ದೆಯಲ್ಲೇ. ಒಂದು ಕಡೆ ಇದ್ದಕ್ಕಿದ್ದಂತೆ ಜೋರು ನೋವು, ವಾಕರಿಕೆ ಅಥವಾ ವಾಂತಿ, ಆ ಕಡೆಯ ವೃಷಣ ಮೇಲೇರಿದಂತೆ ಕಾಣುವುದು ಇದರ ಗುರುತು. ಬಳ್ಳಿಯೊಳಗಿನ ರಕ್ತನಾಳ ಹಿಂಡಿಹೋಗಿರುವುದರಿಂದ ಸುಮಾರು ಆರು ತಾಸಿನೊಳಗೆ ಶಸ್ತ್ರಚಿಕಿತ್ಸೆ ಮಾಡಿ ಬಿಡಿಸಿದರೆ ವೃಷಣ ಉಳಿಯುವ ಸಂಭವ ಹೆಚ್ಚು. ಹೊತ್ತು ಕಳೆದಂತೆ ಅದು ಸಾಯುತ್ತದೆ.

ಈ ಆರು ತಾಸನ್ನು ಹಳ್ಳಿಯ ಲೆಕ್ಕದಲ್ಲಿ ಬಿಡಿಸಿ ನೋಡಿ. ರಾತ್ರಿ ಎರಡಕ್ಕೆ ಹುಡುಗನಿಗೆ ನೋವಿನಿಂದ ಎಚ್ಚರವಾಯಿತು ಎಂದುಕೊಳ್ಳಿ. ಅಪ್ಪನನ್ನು ಎಬ್ಬಿಸಿ ಎಲ್ಲಿ ನೋವು ಎಂದು ಹೇಳಲು ಅವನಿಗೆ ಬಾಯಿಲ್ಲ. ಬೆಳಗ್ಗೆ ಆರಕ್ಕೆ "ಹೊಟ್ಟಿ ನೋವು" ಅನ್ನುತ್ತಾನೆ. ಅವ್ವ ಅಜವಾನ ಕೊಡುತ್ತಾಳೆ. ಎಂಟಕ್ಕೆ ವಾಂತಿ ಹೆಚ್ಚಾದಾಗ ಗಾಡಿ ಹುಡುಕಿ ಚಿಕ್ಕೋಡಿಗೆ ಹೊರಡುತ್ತಾರೆ. ಅಲ್ಲಿಂದ ಬೆಳಗಾವಿಗೆ ಕಳಿಸಿದರೆ ಮತ್ತೆ ಎರಡು ತಾಸು. ಆರು ತಾಸಿನಲ್ಲಿ ನಾಲ್ಕನ್ನು ತಿಂದದ್ದು ರಸ್ತೆಯಲ್ಲ, ನಾಚಿಕೆ. ಅದೇ ಹುಡುಗ ಎರಡಕ್ಕೇ "ಅಪ್ಪಾ, ಬೀಜ ನೋಯಾಕತ್ತೈತಿ" ಎಂದಿದ್ದರೆ? ಒಮ್ಮೆ ಸಹಜವಾದದ್ದನ್ನು ಹೇಳಲು ಬಿಡದವರು, ಅಸಹಜವಾದಾಗ ಅವನು ಹೇಳಬೇಕೆಂದು ಬಯಸುವುದು ಯಾವ ನ್ಯಾಯ? ನಿಮಿರಿದ್ದು ನಾಲ್ಕು ತಾಸು ದಾಟಿಯೂ ಇಳಿಯದೆ ನೋವಾಗುತ್ತಿದ್ದರೂ ಹೀಗೇ, ಅದು ತುರ್ತು ಚಿಕಿತ್ಸೆಯ ಸಂಗತಿ. ಹಿಂದೆ ಸರಿಸಿದ ಮುಂದೊಗಲು ಮುಂದೆ ಬಾರದೆ ಬಾವು ಬಂದರೂ ಕಾಯಬಾರದು. 14 ವರ್ಷ ತುಂಬಿದರೂ ಬೆಳವಣಿಗೆಯ ಯಾವ ಗುರುತೂ ಇಲ್ಲದಿದ್ದರೆ, ಅಥವಾ 9ಕ್ಕೆ ಮೊದಲೇ ಶುರುವಾದರೆ, ತುರ್ತಿಲ್ಲ, ಆದರೆ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ನಷ್ಟ ಇದಕ್ಕಿಂತ ಆಳದ್ದು. ಮೈಯ ಪ್ರತಿಕ್ರಿಯೆ ಎಂದರೆ ಮನಸ್ಸಿನ ಆಸೆ ಎಂದು ನಂಬಿದ ಹುಡುಗನ ಮೇಲೆ ದೊಡ್ಡವರು ಯಾರಾದರೂ ದೌರ್ಜನ್ಯ ಮಾಡಿದರೆ, ತನ್ನ ಮೈ ಪ್ರತಿಕ್ರಿಯಿಸಿತು ಎಂಬ ಒಂದೇ ಕಾರಣಕ್ಕೆ ಅವನು ತನ್ನನ್ನೇ ಅಪರಾಧಿಯೆಂದುಕೊಂಡು ಬಾಯಿ ಮುಚ್ಚುತ್ತಾನೆ. ಪ್ರತಿಕ್ರಿಯೆ ಒಪ್ಪಿಗೆಯಲ್ಲ. 2012ರ ಪೋಕ್ಸೋ ಕಾಯ್ದೆ ಹುಡುಗಿಯಷ್ಟೇ ಹುಡುಗನನ್ನೂ ಕಾಯುತ್ತದೆ, 1098ಕ್ಕೆ ಯಾವ ಮಗುವೂ ಫೋನ್ ಮಾಡಬಹುದು. ಆದರೆ ತಪ್ಪು ತನ್ನದಲ್ಲ ಎಂದು ಗೊತ್ತಿರದ ಹುಡುಗ ಫೋನ್ ಎತ್ತುವುದಿಲ್ಲ.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬುದು ಹಳೆಯ ವಾದ. ಲೈಂಗಿಕ ಶಿಕ್ಷಣ ಪಡೆದ ಮಕ್ಕಳು ಅದರಿಂದಾಗಿ ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೋದ 2018ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಬದಿಗಿಟ್ಟರೂ, ನನ್ನ ಮೈ ನನ್ನ ಮಾಸ್ತರರ ಪಾಠಕ್ಕಾಗಿ ಕಾಯಲಿಲ್ಲವಲ್ಲ! ಇನ್ನೊಂದು ವಾದ ಸ್ವಲ್ಪ ಹೊಸದು: ಸಹಜ, ಸಹಜ ಎಂದು ಹುಡುಗರಿಗೆ ಹೇಳಿದರೆ ಅವರು ಅದನ್ನೇ ನೆಪ ಮಾಡಿಕೊಂಡು ಹುಡುಗಿಯರನ್ನು ಕಾಡುತ್ತಾರೆ ಎಂಬುದು. ಈ ಆತಂಕಕ್ಕೆ ಅರ್ಥವಿದೆ, ಆದರೆ ತೀರ್ಮಾನ ತಿರುಗುಮುರುಗು. ನಿಮಿರುವುದು ನರದ ಕೆಲಸ, ಅದರ ಮೇಲೆ ನಿನಗೆ ಹಿಡಿತವಿಲ್ಲ. ಕೈ, ಕಾಲು, ನಾಲಿಗೆ ನಿನ್ನವು, ಅವುಗಳ ಲೆಕ್ಕ ನೀನೇ ಕೊಡಬೇಕು ಎಂದು ಬಿಡಿಸಿ ಹೇಳುವುದೇ ಆ ಪಾಠ. ಮೈ ಎದ್ದರೆ ಅದು ಆಜ್ಞೆಯಲ್ಲ ಎಂದು ಕಲಿತ ಹುಡುಗನೇ ಹುಡುಗಿಯ ಪಕ್ಕದಲ್ಲಿ ಸುಮ್ಮನೆ ಕೂರಬಲ್ಲ. "ಗಂಡಸರು ಹಿಂಗ" ಎಂದು ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟವರು ನಾವು. ಗಂಟು ಬಿಚ್ಚಬೇಕಾದವರೂ ನಾವೇ.

ನಾನು ಕೇಳುವುದು ದೊಡ್ಡ ಯೋಜನೆಯಲ್ಲ. ಎಂಟನೆಯ ತರಗತಿಯ ಆ ಅಧ್ಯಾಯಕ್ಕೆ ಒಂದು ಪ್ಯಾರಾ ಸೇರಿಸಿ. ವರ್ಷದಲ್ಲಿ ಒಂದು ಪಿರಿಯಡ್, ಮಾಸ್ತರರಿಗೆ ನಾಲಿಗೆ ಏಳದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಯಿರಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬುದು ಇದೆ, ಅದು ಎಲ್ಲಿದೆ ಎಂದಾದರೂ ಹುಡುಗರಿಗೆ ಹೇಳಿ. ಹುಡುಗರು ನೇರ ಕೇಳಲಾರರು, ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಡಬ್ಬಿಯಲ್ಲಿ ಹಾಕಲು ಬಿಡಿ. ಮತ್ತು ಮಾಸ್ತರೇ, ಬೋರ್ಡಿಗೆ ಕರೆದಾಗ ಹುಡುಗನೊಬ್ಬ ಏಳದಿದ್ದರೆ "ಕುಂತಲ್ಲೇ ಹೇಳು" ಅನ್ನಿ. ಲೆಕ್ಕ ಕೂತವನಿಗೂ ಬರುತ್ತದೆ.

ಇದನ್ನು ಓದುತ್ತಿರುವ ಹುಡುಗನಿಗೆ ಹೇಳುವುದು ಇನ್ನೂ ಕಡಿಮೆ. ಕೂತಿದ್ದರೆ ಕೂತೇ ಇರು, ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಏಳಲೇಬೇಕಾದರೆ ನೋಟ್‌ಬುಕ್ ಮುಂದೆ ಹಿಡಿದುಕೋ, ಅಂಗಿ ಹೊರಗೆ ಬಿಡು. ಉಚ್ಚೆ ಕಟ್ಟಿಕೊಂಡು ಕೂರಬೇಡ. ಅದನ್ನೇ ನೋಡುತ್ತ ಹೆದರುವ ಬದಲು ಹದಿನೇಳರ ಮಗ್ಗಿಯನ್ನು ಹಿಂದಿನಿಂದ ಹೇಳಿಕೋ, ಗಮನ ಅತ್ತ ಹೋಗುತ್ತದೆ. ಪಕ್ಕದ ಬೆಂಚಿನವನು ಪಾಟಿಚೀಲವನ್ನು ತೊಡೆಯ ಮೇಲೆ ಎಳೆದುಕೊಂಡದ್ದು ಕಂಡರೆ ನಗಬೇಡ, ಇನ್ನೊಬ್ಬರಿಗೆ ತೋರಿಸಬೇಡ. ನಾಳೆ ನಿನ್ನ ಸರದಿ.